ಬಾಣಂತನಕ್ಕೆ ಹೊರಟ ಅಮ್ಮ ಮತ್ತು ಯುರೋಪಿನ 90 ದಿನಗಳ ಲೆಕ್ಕ

ಮೈಸೂರಿನ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ಮಗ ಜರ್ಮನಿಯ ಮ್ಯೂನಿಕ್‌ನಲ್ಲಿ, ಮಗಳು ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಕೈಯಲ್ಲಿ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ ಇದೆ. 2025ರ ಜನವರಿ 10ರಿಂದ ಫೆಬ್ರುವರಿ 28ರವರೆಗೆ ಮಗನ ಮನೆಯಲ್ಲಿದ್ದು ಬಂದರು. ಮತ್ತೆ ಮೇ 1ಕ್ಕೆ ಹೋಗಿ ಜೂನ್ 9ರವರೆಗೆ ಮಗಳ ಜೊತೆ ಇದ್ದರು. ಅಷ್ಟರಲ್ಲಿ ಮಗಳಿಗೆ ಸೆಪ್ಟೆಂಬರ್ ಮಧ್ಯದಲ್ಲಿ ಹೆರಿಗೆಯೆಂದು ಡಾಕ್ಟರು ತಿಳಿಸಿದರು. ಮೂರು ತಿಂಗಳ ಬಾಣಂತನ ಮಾಡಿಯೇ ಬರಬೇಕೆಂದು ಅಮ್ಮ ಸೆಪ್ಟೆಂಬರ್ 1ಕ್ಕೆ ಟಿಕೆಟ್ ನೋಡತೊಡಗಿದರು.

ಮನೆಯವರ ಲೆಕ್ಕ ಹೀಗಿತ್ತು: ಆರು ತಿಂಗಳಲ್ಲಿ ಮೂರು ತಿಂಗಳು ಇರಬಹುದು. ಮೊದಲು ಹೋದದ್ದು ಜನವರಿ 10ಕ್ಕೆ, ಆ ಆರು ತಿಂಗಳು ಜುಲೈಯಲ್ಲೇ ಮುಗಿಯಿತು. ಸೆಪ್ಟೆಂಬರ್‌ನಲ್ಲಿ ಹೋದರೆ ಹೊಸ ಖಾತೆ, ಪೂರ್ತಿ 90 ದಿನ.

ಈ ಲೆಕ್ಕ ತಪ್ಪು. ಆದರೆ ಮೂರ್ಖತನದ ತಪ್ಪಲ್ಲ. 2013ರ ಅಕ್ಟೋಬರ್ 18ಕ್ಕೆ ಮೊದಲು ಯುರೋಪಿನ ನಿಯಮವೇ ಹಾಗಿತ್ತು: ಮೊದಲ ಪ್ರವೇಶದ ದಿನದಿಂದ ಆರು ತಿಂಗಳಲ್ಲಿ ಮೂರು ತಿಂಗಳು. ಅದರಲ್ಲೊಂದು ಸಂದು ಇತ್ತು. ಆರು ತಿಂಗಳ ಆರಂಭದಲ್ಲಿ ಒಂದೇ ದಿನ ಹೋಗಿ ಬಂದು, ಉಳಿದ ದಿನಗಳನ್ನು ಆ ಅವಧಿಯ ಕೊನೆಗೆ ಇಟ್ಟುಕೊಂಡವರು, ಅವಧಿ ಮುಗಿದ ಕೂಡಲೇ ಒಮ್ಮೆ ಹೊರಗೆ ಹೋಗಿ ಬಂದು ಹೊಸ ಮೂರು ತಿಂಗಳನ್ನು ಅದಕ್ಕೆ ಜೋಡಿಸಬಹುದಿತ್ತು. 'ಅಲ್ಪಾವಧಿ' ಎಂಬ ವಾಸ ಹೆಚ್ಚುಕಡಿಮೆ ಆರು ತಿಂಗಳಿಗೆ ಬೆಳೆಯುತ್ತಿತ್ತು. ಇದನ್ನು ಮುಚ್ಚಲೆಂದೇ ನಿಯಮವನ್ನು ತಿದ್ದಿದರು. ಈಗಿನ ಮಾತು ಇಷ್ಟೇ: ಯಾವುದೇ 180 ದಿನಗಳಲ್ಲಿ 90ಕ್ಕಿಂತ ಹೆಚ್ಚು ದಿನ ಇರುವಂತಿಲ್ಲ.

'ಯಾವುದೇ' ಎಂಬ ಆ ಒಂದು ಪದದಲ್ಲೇ ಎಲ್ಲವೂ ಅಡಗಿದೆ. ಲೆಕ್ಕ ಮೊದಲ ಪ್ರವೇಶದಿಂದ ಮುಂದಕ್ಕೆ ಹೋಗುವುದಿಲ್ಲ, ಇವತ್ತಿನಿಂದ ಹಿಂದಕ್ಕೆ ಹೋಗುತ್ತದೆ. ಕ್ಯಾಲೆಂಡರಿನ ದಿನಗಳನ್ನೆಲ್ಲ ಒಂದೇ ಸಾಲಿನಲ್ಲಿ ಬರೆದು, 180 ಮನೆ ಉದ್ದದ ಕಾಗದದ ಪಟ್ಟಿಯೊಂದನ್ನು ಅದರ ಮೇಲಿಡಿ. ಪಟ್ಟಿಯ ಬಲತುದಿ ಇವತ್ತಿನ ದಿನದ ಮೇಲಿರಲಿ. ಪಟ್ಟಿಯ ಅಡಿಯಲ್ಲಿ ಯುರೋಪಿನಲ್ಲಿದ್ದ ದಿನಗಳೆಷ್ಟು ಬರುತ್ತವೆ ಎಂದು ಎಣಿಸಿ, 90 ದಾಟಬಾರದು. ನಾಳೆ ಪಟ್ಟಿ ಒಂದು ಮನೆ ಮುಂದೆ ಸರಿಯುತ್ತದೆ. ಬಲಕ್ಕೆ ಒಂದು ದಿನ ಸೇರುತ್ತದೆ, ಎಡಕ್ಕೆ ಒಂದು ದಿನ ಉದುರುತ್ತದೆ. ಅಲ್ಲಿರುವ ಪ್ರತಿ ದಿನವೂ ಈ ಪರೀಕ್ಷೆಯಲ್ಲಿ ಪಾಸಾಗಬೇಕು, ಹೋದ ದಿನ ಮಾತ್ರ ಪಾಸಾದರೆ ಸಾಲದು.

ಎಣಿಸುವಾಗ ಇಳಿದ ದಿನ, ಹೊರಟ ದಿನ ಎರಡೂ ಪೂರ್ತಿ ದಿನಗಳೇ. ರಾತ್ರಿ ಹನ್ನೊಂದಕ್ಕೆ ಇಮಿಗ್ರೇಷನ್ ಕೌಂಟರ್ ದಾಟಿದರೂ ಆ ದಿನ ಲೆಕ್ಕಕ್ಕೆ ಬಂತು. ಷೆಂಗೆನ್ ಎಂದರೆ ಇವತ್ತು 29 ದೇಶಗಳು, ಒಳಗಿನ ಗಡಿಗಳು ಈ ಎಣಿಕೆಗೆ ಇಲ್ಲವೇ ಇಲ್ಲ. ಜರ್ಮನಿಯಲ್ಲಿ ಕಳೆದ ದಿನ ನೆದರ್‌ಲೆಂಡ್ಸ್‌ನ ಲೆಕ್ಕಕ್ಕೂ ಸೇರುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿಲ್ಲದ ಸ್ವಿಟ್ಜರ್‌ಲೆಂಡ್, ನಾರ್ವೆಗಳೂ ಇದರೊಳಗಿವೆ. ಒಕ್ಕೂಟದಲ್ಲಿರುವ ಐರ್ಲೆಂಡ್ ಹೊರಗಿದೆ, ಬ್ರಿಟನ್ನೂ ಹೊರಗೆ. ಹಾಗಾಗಿ ನಡುವೆ ಲಂಡನ್ನಿನ ನೆಂಟರ ಮನೆಗೆ ಒಂದು ವಾರ ಹೋದರೆ ಆ ವಾರದ ಪೂರ್ತಿ ದಿನಗಳು ಎಣಿಕೆಗೆ ಬರುವುದಿಲ್ಲ. ಹಾಗೆಂದು ಖಾತೆ ಮತ್ತೆ ಸೊನ್ನೆಯಿಂದ ಶುರುವಾಗುವುದೂ ಇಲ್ಲ.

ಈಗ ಮೈಸೂರಿನ ಅಮ್ಮನ ಪಟ್ಟಿ ಇಡೋಣ. ಮೊದಲ ಪ್ರವಾಸ ಜನವರಿಯಲ್ಲಿ 22, ಫೆಬ್ರುವರಿಯಲ್ಲಿ 28, ಒಟ್ಟು 50 ದಿನ. ಎರಡನೆಯದು ಮೇ ತಿಂಗಳ 31, ಜೂನ್‌ನ 9, ಒಟ್ಟು 40. ಜೂನ್ 9ಕ್ಕೆ ಸರಿಯಾಗಿ 90 ತುಂಬಿತು. ಅವತ್ತು ವಾಪಸಾಗದೆ ಇನ್ನೊಂದು ದಿನ ನಿಂತಿದ್ದರೂ ನಿಯಮ ಮೀರಿದಂತಾಗುತ್ತಿತ್ತು.

ಸೆಪ್ಟೆಂಬರ್ 1ರಂದು ಪಟ್ಟಿಯ ಎಡತುದಿ ಮಾರ್ಚ್ 6ರ ಮೇಲಿದೆ. ಮ್ಯೂನಿಕ್‌ನ 50 ದಿನಗಳೂ ಉದುರಿವೆ. ಆದರೆ ಐಂಡ್‌ಹೋವನ್‌ನ 40 ದಿನಗಳು ಹಾಗೇ ಇವೆ. ಅಂದರೆ ಅಮ್ಮನಿಗೆ ಸಿಗುವುದು 90 ಅಲ್ಲ, 50 ದಿನ. ಸೆಪ್ಟೆಂಬರ್ 1ರಿಂದ ಎಣಿಸಿದರೆ ಅಕ್ಟೋಬರ್ 20ಕ್ಕೆ ಮುಗಿಯಿತು. ಪಟ್ಟಿಯಿಂದ ಮೇ 1 ಉದುರುವುದು ಅದಕ್ಕೆ 180 ದಿನ ಕೂಡಿಸಿದ ಮೇಲೆ, ಅಕ್ಟೋಬರ್ 28ಕ್ಕೆ. ನಡುವಿನ ಏಳು ದಿನಗಳಿಗೆ ಜಾಗವಿಲ್ಲ. ಮಗು ಸೆಪ್ಟೆಂಬರ್ ಮಧ್ಯದಲ್ಲಿ ಹುಟ್ಟಿದರೆ, ತಿಂಗಳು ತುಂಬಿದ ಕೂಡಲೇ ಅಜ್ಜಿ ಹೊರಡಬೇಕು.

ವೀಸಾದ ಮೇಲಿನ ಕೊನೆಯ ದಿನಾಂಕ ನೋಡಿಕೊಂಡು ನಿಶ್ಚಿಂತೆಯಿಂದ ಇರುವವರು ಎಡವುವುದು ಇಲ್ಲಿಯೇ. ವೀಸಾ ಎರಡು ವರ್ಷದ್ದು ಎಂದರೆ ಆ ಎರಡು ವರ್ಷದಲ್ಲಿ ಒಳಹೋಗುವ ಬಾಗಿಲು ತೆರೆದಿರುತ್ತದೆ ಎಂದಷ್ಟೇ ಅರ್ಥ. ಒಳಗೆ ಎಷ್ಟು ದಿನ ಇರಬಹುದೆಂಬುದು 'ಡ್ಯುರೇಶನ್ ಆಫ್ ಸ್ಟೇ' ಎಂಬ ಬೇರೆಯೇ ಮನೆಯಲ್ಲಿ ಅಚ್ಚಾಗಿರುತ್ತದೆ. ಕೆಲವರಿಗೆ ಅಲ್ಲಿ 90ರ ಬದಲು 30 ಅಥವಾ 45 ಇರುವುದುಂಟು, ಆಗ ಆ ಸಂಖ್ಯೆಯೇ ಮಿತಿ. ಹೊಸ ವೀಸಾ ತೆಗೆದುಕೊಂಡರೂ ಹಳೆಯ ವೀಸಾದಲ್ಲಿ ಕಳೆದ ದಿನಗಳು ಅಳಿಸಿಹೋಗುವುದಿಲ್ಲ. 2024ರ ಏಪ್ರಿಲ್ 18ರಿಂದ, ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ವೀಸಾ, ಅದಾದ ಮೇಲೆ ಐದು ವರ್ಷದ್ದು ಸಿಗುವ ದಾರಿಯಾಗಿದೆ. ವೀಸಾ ಉದ್ದವಾದಷ್ಟೂ ದಿನ ಎಣಿಸುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ.

ಮೊದಲು ಪಾಸ್‌ಪೋರ್ಟಿನ ಪುಟಗಳನ್ನು ತಿರುವಿ ಮಸುಕಾದ ಮೊಹರುಗಳನ್ನು ಹುಡುಕಿ ಅಧಿಕಾರಿ ಕೈಯಲ್ಲೇ ಎಣಿಸಬೇಕಿತ್ತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ಎಂಟ್ರಿ-ಎಕ್ಸಿಟ್ ವ್ಯವಸ್ಥೆಯಲ್ಲಿ ಪ್ರವೇಶ, ನಿರ್ಗಮನ ಎರಡೂ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ, ಹೆಚ್ಚು ದಿನ ಇದ್ದವರನ್ನು ಅದೇ ಗುರುತಿಸುತ್ತದೆ. ದಂಡ ದೇಶದಿಂದ ದೇಶಕ್ಕೆ ಬೇರೆ. ಕೆಲವೊಮ್ಮೆ ಪ್ರವೇಶ ನಿಷೇಧವೂ ಆಗಬಹುದು, ಮುಂದಿನ ವೀಸಾ ಅರ್ಜಿಗೂ ಅದು ತೊಡಕು. ಆಸ್ಪತ್ರೆಗೆ ಸೇರಿದ್ದರಿಂದಲೋ ವಿಮಾನವೇ ರದ್ದಾಗಿದ್ದರಿಂದಲೋ ಹೊರಡಲಾಗದಿದ್ದರೆ, ಗಡುವು ಮುಗಿಯುವ ಮೊದಲೇ ಅಲ್ಲಿನ ಕಚೇರಿಗೆ ದಾಖಲೆ ಸಮೇತ ಹೋಗಿ ವಿಸ್ತರಣೆ ಕೇಳಬಹುದು. ಮೊಮ್ಮಗುವನ್ನು ಬಿಟ್ಟುಬರಲು ಮನಸ್ಸಿಲ್ಲ ಎಂಬುದು ಅದಕ್ಕೆ ಕಾರಣವಾಗುವುದಿಲ್ಲ.

ಹಾಗಾದರೆ ಈ ಅಮ್ಮ ಏನು ಮಾಡಬೇಕು? ನಿಯಮದಲ್ಲೊಂದು ನೇರವಾದ ದಾರಿ ಇದೆ. ಸತತ 90 ದಿನ ಹೊರಗಿದ್ದು ಬಂದವರಿಗೆ ಪೂರ್ತಿ 90 ದಿನ ಸಿಗುತ್ತದೆ. ಜೂನ್ 10ರಿಂದ ಎಣಿಸಿದರೆ ಆ 90 ದಿನ ತುಂಬುವುದು ಸೆಪ್ಟೆಂಬರ್ 7ಕ್ಕೆ. ಸೆಪ್ಟೆಂಬರ್ 8ಕ್ಕೆ ಇಳಿದರೆ, ಅವರ ಬಳಿ ಇರುವ 50 ದಿನ ಅಕ್ಟೋಬರ್ 27ಕ್ಕೆ ಮುಗಿಯುತ್ತದೆ. ಸರಿಯಾಗಿ ಮರುದಿನವೇ ಮೇ 1 ಉದುರುತ್ತದೆ, ಆಮೇಲೆ ದಿನಕ್ಕೊಂದರಂತೆ ಉಳಿದ 39 ದಿನಗಳೂ ಉದುರುತ್ತ ಹೋಗುತ್ತವೆ. ಒಂದು ದಿನ ಸೇರಿದಂತೆ ಒಂದು ದಿನ ಹೋಗುವುದರಿಂದ ಮೊತ್ತ 90ರಲ್ಲೇ ನಿಂತು, ಡಿಸೆಂಬರ್ 6ರವರೆಗೆ ಇರಬಹುದು.

ಯುರೋಪಿಯನ್ ಕಮಿಷನ್ನಿನ ಜಾಲತಾಣದಲ್ಲಿ ಈ ಎಣಿಕೆಗೆಂದೇ ಉಚಿತ ಕ್ಯಾಲ್ಕುಲೇಟರ್ ಇದೆ. ಟಿಕೆಟ್ ಕಾಯ್ದಿರಿಸುವ ಮೊದಲು ಹಳೆಯ ತಾರೀಖುಗಳನ್ನೆಲ್ಲ ಅದರಲ್ಲಿ ಹಾಕಿ ನೋಡಿ, ವಾಪಸಾಗುವ ದಿನಕ್ಕೆ ಎರಡು ಮೂರು ದಿನ ಕೈಯಲ್ಲಿ ಉಳಿಸಿಕೊಳ್ಳಿ. ಮೈಸೂರಿನ ಅಮ್ಮ ಸೆಪ್ಟೆಂಬರ್ 7ಕ್ಕೆ ಇಳಿದರೆ ಅಕ್ಟೋಬರ್ 26ಕ್ಕೆ ಹೊರಡಬೇಕು. 8ಕ್ಕೆ ಇಳಿದರೆ ಡಿಸೆಂಬರ್ 6ರವರೆಗೆ ಮೊಮ್ಮಗುವಿನ ಜೊತೆ ಇರಬಹುದು.