ಹಡಗಿನ ತಪಾಸಣೆ: ಧ್ವಜ ಯಾರದು, ಹೊಣೆ ಯಾರದು

ನವಮಂಗಳೂರು ಬಂದರಿಗೆ ಬರುವ ಯಾವುದೇ ವಿದೇಶಿ ಹಡಗಿನ ಹಿಂಭಾಗದಲ್ಲಿ ಎರಡು ಹೆಸರು ಬರೆದಿರುತ್ತವೆ. ಮೇಲಿನದು ಹಡಗಿನ ಹೆಸರು, ಕೆಳಗಿನದು ಅದು ನೋಂದಣಿಯಾದ ಊರಿನ ಹೆಸರು: ಮನ್ರೋವಿಯಾ, ಮಜುರೊ, ಪನಾಮಾ, ವಲೆಟ್ಟಾ. ಹಡಗಿನ ಮಾಲೀಕರು ಗ್ರೀಸ್‌ನವರಿರಬಹುದು, ಅದನ್ನು ನಡೆಸುವ ಕಂಪನಿ ಸಿಂಗಪುರದ್ದಿರಬಹುದು, ಅದರಲ್ಲಿ ದುಡಿಯುವವರು ಉಡುಪಿ, ಕೊಚ್ಚಿ, ಮನಿಲಾದಿಂದ ಬಂದವರಿರಬಹುದು. ಬೆನ್ನ ಮೇಲೆ ಹೆಸರು ಬರೆದುಕೊಂಡ ಊರಿಗೆ ಆ ಹಡಗು ಒಮ್ಮೆಯೂ ಹೋಗದೇ ಇರಬಹುದು. ಆದರೂ ಆ ಊರು ಯಾವ ದೇಶದ್ದೋ ಆ ದೇಶದ ಕಾನೂನೇ ಹಡಗಿನ ಮೇಲೆ ನಡೆಯುತ್ತದೆ. ಆ ದೇಶವನ್ನು ಹಡಗಿನ ಧ್ವಜ ರಾಷ್ಟ್ರ ಎನ್ನುತ್ತಾರೆ.

ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಪ್ಪಂದ ಧ್ವಜ ರಾಷ್ಟ್ರದ ಮೇಲೆ ಭಾರವಾದ ಕರ್ತವ್ಯಗಳನ್ನೇ ಹೊರಿಸಿದೆ. ಹಡಗಿನ ರಚನೆ ಗಟ್ಟಿಯಾಗಿದೆಯೇ, ಯಂತ್ರಗಳು ಸರಿ ಇವೆಯೇ, ಕ್ಯಾಪ್ಟನ್ ಮತ್ತು ಅಧಿಕಾರಿಗಳಿಗೆ ತಕ್ಕ ಅರ್ಹತೆ ಇದೆಯೇ ಎಂಬುದನ್ನು ನೋಂದಣಿಗೆ ಮೊದಲೂ ಆಮೇಲೆ ಆಗಾಗ್ಗೆಯೂ ಅರ್ಹ ಸರ್ವೇಯರ್‌ಗಳಿಂದ ಪರೀಕ್ಷೆ ಮಾಡಿಸಬೇಕು. ಅಪಘಾತವಾದರೆ ತನಿಖೆ ನಡೆಸಬೇಕು. ಆದರೆ ಲೋಕದ ಹಡಗುಗಳಲ್ಲಿ ದೊಡ್ಡ ಪಾಲು ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳ ಧ್ವಜದಡಿ ಇದೆ. ಲೈಬೀರಿಯಾದ ಹಡಗು ನೋಂದಣಿಯನ್ನು ನಡೆಸುವುದು ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿರುವ ಒಂದು ಖಾಸಗಿ ಸಂಸ್ಥೆ. ಸಾವಿರಾರು ಹಡಗುಗಳು ಸಾವಿರ ದಿಕ್ಕಿನಲ್ಲಿ ಓಡಾಡುವಾಗ ಧ್ವಜ ರಾಷ್ಟ್ರ ತನ್ನದೇ ನೌಕರರನ್ನು ಎಲ್ಲ ಕಡೆಗೂ ಕಳಿಸಲಾರದು. ಹೀಗಾಗಿ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಕೆಲಸವನ್ನು ಅದು ‘ಕ್ಲಾಸ್’ ಎಂದು ಕರೆಯಲಾಗುವ ವರ್ಗೀಕರಣ ಸಂಸ್ಥೆಗಳಿಗೆ ವಹಿಸುತ್ತದೆ. ಲಂಡನ್ನಿನ ಲಾಯ್ಡ್ಸ್ ರಿಜಿಸ್ಟರ್, ಇಟಲಿಯ ರಿನಾ, ಮುಂಬಯಿಯ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಇಂಥವು. ಮುಖ್ಯ ಸುರಕ್ಷತಾ ಪ್ರಮಾಣಪತ್ರಗಳು ಸಾಮಾನ್ಯವಾಗಿ ಐದು ವರ್ಷದವು. ನಡುವೆ ಪ್ರತಿ ವರ್ಷ ಸರ್ವೇಯರ್ ಬಂದು ನೋಡಿ ಸಹಿ ಹಾಕಬೇಕು.

ಇಲ್ಲೊಂದು ತೊಡಕಿದೆ. ಸರ್ವೆಯ ಶುಲ್ಕ ಕೊಡುವವರು ಹಡಗಿನ ಮಾಲೀಕರೇ. ಒಂದು ಕ್ಲಾಸ್ ಬಿಗಿ ಮಾಡಿದರೆ ಮಾಲೀಕರು ಇನ್ನೊಂದಕ್ಕೆ ಹೋಗಬಹುದು, ಒಂದು ಧ್ವಜ ಕಷ್ಟವೆನಿಸಿದರೆ ಬೇರೆ ಧ್ವಜ ಹಿಡಿಯಬಹುದು. ಬಹಳಷ್ಟು ಸರ್ವೇಯರ್‌ಗಳು ಕಟ್ಟುನಿಟ್ಟಿನವರೇ. ಆದರೂ ಸಡಿಲಕ್ಕೆ ದಾರಿಯಿರುವ ವ್ಯವಸ್ಥೆ ಇದು ಎಂಬುದನ್ನು ಅಲ್ಲಗಳೆಯಲಾಗದು.

ಆ ಸಡಿಲದ ಪೆಟ್ಟು ತಿನ್ನುವುದು ಹಡಗು ಹಾದುಹೋಗುವ ಕರಾವಳಿ. 1978ರ ಮಾರ್ಚ್ 16ರಂದು ಲೈಬೀರಿಯಾ ಧ್ವಜದ ಅಮೋಕೊ ಕಾಡಿಜ್ ಎಂಬ ತೈಲ ಹಡಗು ಚುಕ್ಕಾಣಿ ಕೆಟ್ಟು ಫ್ರಾನ್ಸಿನ ಬ್ರಿಟನಿ ತೀರದ ಬಂಡೆಗಳಿಗೆ ಬಡಿದು, ಎರಡು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ತೈಲ ಸಮುದ್ರಕ್ಕೆ ಸೇರಿತು. ಧ್ವಜ ರಾಷ್ಟ್ರಗಳನ್ನೇ ನಂಬಿ ಕೂರಲಾಗದು ಎಂಬ ಒತ್ತಡ ಯುರೋಪಿನಲ್ಲಿ ಎದ್ದದ್ದು ಆಗ. 1982ರ ಜನವರಿಯಲ್ಲಿ ಹದಿನಾಲ್ಕು ದೇಶಗಳು ಪ್ಯಾರಿಸ್‌ನಲ್ಲಿ ಒಂದು ಒಡಂಬಡಿಕೆಗೆ ಸಹಿ ಹಾಕಿದವು. ತಮ್ಮ ಬಂದರಿಗೆ ಬಂದ ಪರದೇಶದ ಹಡಗನ್ನು ತಾವೇ ಪರೀಕ್ಷಿಸಿ, ಅಪಾಯಕಾರಿ ಎನಿಸಿದರೆ ತಡೆದು ನಿಲ್ಲಿಸುವುದು, ಫಲಿತಾಂಶವನ್ನು ಪರಸ್ಪರ ಹಂಚಿಕೊಳ್ಳುವುದು ಅದರ ತಿರುಳು. ಈ ಏರ್ಪಾಡಿಗೆ ಪೋರ್ಟ್ ಸ್ಟೇಟ್ ಕಂಟ್ರೋಲ್ ಎಂದು ಹೆಸರು. ಬಂದರಿನಲ್ಲಿ ಎಲ್ಲರೂ ಹೇಳುವುದು ಪಿ.ಎಸ್.ಸಿ. ಎಂದೇ. ಮುಂದೆ ಬೇರೆ ಸಾಗರಗಳಲ್ಲೂ ಇಂಥ ಒಡಂಬಡಿಕೆಗಳಾದವು. ಹಿಂದೂ ಮಹಾಸಾಗರದ್ದು 1999ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಭಾರತ ಅದರ ಸದಸ್ಯ, ಅದರ ಕಾರ್ಯಾಲಯ ಇರುವುದು ಗೋವಾದಲ್ಲಿ.

ಬಂದ ಹಡಗನ್ನೆಲ್ಲ ಹತ್ತಿ ನೋಡುವಷ್ಟು ಅಧಿಕಾರಿಗಳು ಯಾವ ದೇಶದಲ್ಲೂ ಇಲ್ಲ. ಆದ್ದರಿಂದ ಹಡಗಿನ ವಯಸ್ಸು, ಬಗೆ, ಅದರ ಧ್ವಜಕ್ಕೂ ಕಂಪನಿಗೂ ಇರುವ ಹೆಸರು, ಹಿಂದಿನ ತಪಾಸಣೆಗಳಲ್ಲಿ ಕಂಡ ದೋಷಗಳು, ಇವನ್ನೆಲ್ಲ ಕೂಡಿಸಿ ಅಪಾಯದ ಅಂದಾಜು ಕಟ್ಟುತ್ತಾರೆ. ಪ್ಯಾರಿಸ್ ಒಡಂಬಡಿಕೆಯ ಬಂದರುಗಳಲ್ಲಿ ಹೆಚ್ಚು ಅಪಾಯದ್ದೆಂದು ಎಣಿಸಿದ ಹಡಗಿಗೆ ಐದಾರು ತಿಂಗಳಿಗೊಮ್ಮೆ ತಪಾಸಣೆ, ಕಡಿಮೆ ಅಪಾಯದ್ದಕ್ಕೆ ಎರಡು ಮೂರು ವರ್ಷಕ್ಕೊಮ್ಮೆ. ಹಡಗಿನ ಹೆಸರು, ಧ್ವಜ, ಮಾಲೀಕರು ಎಷ್ಟು ಸಲ ಬದಲಾದರೂ ಅದರ ಏಳಂಕಿಯ ಐ.ಎಂ.ಒ. ಸಂಖ್ಯೆ ಬದಲಾಗುವುದಿಲ್ಲ. ಹಳೆಯ ಕಥೆ ಹೊಸ ಹೆಸರಿನ ಹಿಂದೆ ಅಡಗದಂತೆ ನೋಡಿಕೊಳ್ಳುವುದು ಈ ಸಂಖ್ಯೆಯೇ.

ಭಾರತದ ಬಂದರುಗಳಲ್ಲಿ ಈ ಕೆಲಸ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ಸರ್ವೇಯರ್‌ಗಳದು. ಇವರಲ್ಲಿ ಹೆಚ್ಚಿನವರು ಹಿಂದೆ ತಾವೇ ಹಡಗುಗಳಲ್ಲಿ ಕ್ಯಾಪ್ಟನ್ ಅಥವಾ ಚೀಫ್ ಎಂಜಿನಿಯರ್ ಆಗಿದ್ದವರು. ತಪಾಸಣೆ ಶುರುವಾಗುವುದು ಹಡಗು ಹತ್ತುವ ಮೊದಲೇ, ಧಕ್ಕೆಯ ಮೇಲಿಂದಲೇ. ಹಡಗಿನ ಪಕ್ಕದಲ್ಲಿ ಬರೆದ ಲೋಡ್ ಲೈನ್ ಗುರುತು ನೀರಿನ ಮೇಲಿದೆಯೇ, ಅಂದರೆ ಮಿತಿ ಮೀರಿ ಸರಕು ತುಂಬಿಲ್ಲವೇ ಎಂದು ನೋಡುತ್ತಾರೆ. ತಗಡಿನ ಮೇಲಿನ ತುಕ್ಕು, ಕಟ್ಟಿದ ಹಗ್ಗಗಳ ಸವೆತ, ಹತ್ತುವ ಏಣಿಯ ಸ್ಥಿತಿ ಕಣ್ಣಿಗೆ ಬೀಳುತ್ತವೆ. ಏಣಿಯ ಮೇಲ್ತುದಿಯಲ್ಲಿ ಕಾವಲಿನವನು ಅಧಿಕಾರಿಯ ಗುರುತಿನ ಚೀಟಿಯನ್ನು ಕೇಳದೇ ಒಳಬಿಟ್ಟರೆ ಅದೂ ಒಂದು ದೋಷವೇ.

ಆಮೇಲೆ ಕ್ಯಾಪ್ಟನ್ ಕೋಣೆಯಲ್ಲಿ ಕಾಗದಪತ್ರ. ಪ್ರಮಾಣಪತ್ರಗಳ ಗಡುವು, ವಾರ್ಷಿಕ ಸಹಿ, ಅಧಿಕಾರಿಗಳ ಅರ್ಹತಾ ಪತ್ರ, ಸಿಬ್ಬಂದಿಯ ಸಂಬಳದ ಲೆಕ್ಕ. ವಿಶ್ರಾಂತಿಯ ದಾಖಲೆಯನ್ನು ಅನುಭವಿಗಳು ಬಹಳ ಗಮನವಿಟ್ಟು ಓದುತ್ತಾರೆ. ನಾವಿಕನಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ 77 ಗಂಟೆ ವಿಶ್ರಾಂತಿ ಸಿಗಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಹಡಗು ನಡುರಾತ್ರಿ ಧಕ್ಕೆಗೆ ಬಂದಾಗ ಹಗ್ಗ ಕಟ್ಟುತ್ತಿದ್ದವನು ಅದೇ ಹೊತ್ತಿಗೆ ಮಲಗಿದ್ದನೆಂದು ಪುಸ್ತಕದಲ್ಲಿ ಬರೆದಿದ್ದರೆ, ಆ ಪುಸ್ತಕದ ಉಳಿದ ಪುಟಗಳನ್ನೂ ನಂಬುವಂತಿಲ್ಲ.

ಕಾಗದ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಅಧಿಕಾರಿ ಹಡಗನ್ನು ಸುತ್ತುತ್ತಾ ಕೆಲವು ಯಂತ್ರಗಳನ್ನು ಓಡಿಸಿ ತೋರಿಸಲು ಹೇಳುತ್ತಾರೆ. ತುರ್ತು ಅಗ್ನಿಶಾಮಕ ಪಂಪು ಚಾಲೂ ಆಗಿ ಕೊಳವೆಯ ತುದಿಯಲ್ಲಿ ನೀರು ರಭಸದಿಂದ ಚಿಮ್ಮಬೇಕು. ಮುಖ್ಯ ವಿದ್ಯುತ್ ಹೋದರೆ ತುರ್ತು ಜನರೇಟರ್ 45 ಸೆಕೆಂಡಿನೊಳಗೆ ತಾನಾಗಿ ವಿದ್ಯುತ್ ಕೊಡಬೇಕು. ಲೈಫ್‌ಬೋಟಿನ ಎಂಜಿನ್ ಶುರುವಾಗಬೇಕು. ಬೆಂಕಿ ಬಿದ್ದಾಗ ಗಾಳಿ ತಡೆಯಬೇಕಾದ ಡ್ಯಾಂಪರ್ ತುಕ್ಕು ಹಿಡಿದು ಅಲುಗಾಡದಿದ್ದರೆ, ಎಂಜಿನ್ ಕೋಣೆಗೆ ಇಂಗಾಲದ ಡೈಆಕ್ಸೈಡ್ ಬಿಟ್ಟೂ ಉಪಯೋಗವಿಲ್ಲ. ಕೊನೆಗೆ ಕೆಲವೊಮ್ಮೆ ಬೆಂಕಿ ಬಿದ್ದಂತೆ, ಹಡಗು ಬಿಡಬೇಕಾದಂತೆ ಅಣಕು ಕಸರತ್ತು ಮಾಡಿಸುತ್ತಾರೆ. ಉಪಕರಣವೆಲ್ಲ ಹೊಸತಾಗಿದ್ದು ಸಿಬ್ಬಂದಿಗೆ ಬಳಕೆ ಬಾರದ ಹಡಗುಗಳು ಬಯಲಾಗುವುದು ಇಲ್ಲಿ.

ಕಂಡ ಪ್ರತಿ ದೋಷದ ಮುಂದೆ ವರದಿಯಲ್ಲಿ ಒಂದು ಸಂಕೇತ ಬೀಳುತ್ತದೆ. 16 ಎಂದರೆ ಹದಿನಾಲ್ಕು ದಿನದಲ್ಲಿ ಸರಿಪಡಿಸಿ, 17 ಎಂದರೆ ಹೊರಡುವ ಮೊದಲು ಸರಿಪಡಿಸಿ. ಕ್ಯಾಪ್ಟನ್‌ಗಳು ಅಂಜುವುದು 30ಕ್ಕೆ. ಹಡಗನ್ನು ತಡೆಹಿಡಿಯಲು ಅಷ್ಟು ಸಾಕು. ಆಗ ಧ್ವಜ ರಾಷ್ಟ್ರಕ್ಕೂ ಕ್ಲಾಸ್‌ಗೂ ಸುದ್ದಿ ಹೋಗುತ್ತದೆ. ದುರಸ್ತಿ ಮುಗಿದು ಮರುತಪಾಸಣೆ ಆಗುವವರೆಗೆ ಹಡಗು ಕದಲುವಂತಿಲ್ಲ, ಖರ್ಚೆಲ್ಲ ಮಾಲೀಕರದು. ಬಂದರು ರಾಷ್ಟ್ರದ ಅಧಿಕಾರಕ್ಕೂ ಎಲ್ಲೆ ಇದೆ. ಊರ್ಜಿತವಾದ ಪ್ರಮಾಣಪತ್ರಗಳಿದ್ದರೆ ಅವನ್ನು ಒಪ್ಪಿಕೊಳ್ಳಬೇಕು. ಹಡಗಿನ ಸ್ಥಿತಿ ಅವುಗಳಿಗೆ ತಕ್ಕಂತಿಲ್ಲ ಎನ್ನಲು ಸ್ಪಷ್ಟ ಕಾರಣ ಕಂಡರಷ್ಟೇ ಆಳವಾದ ತಪಾಸಣೆ. ಕಾರಣವಿಲ್ಲದೆ ತಡೆದರೆ ಮಾಲೀಕರು ನಷ್ಟ ಕೇಳಬಹುದು.

ಈ ಎಲ್ಲೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಎರಿಕಾ ಹಡಗಿನ ಪ್ರಕರಣ ಸಾಕ್ಷಿ. 1975ರಲ್ಲಿ ಜಪಾನಿನಲ್ಲಿ ಕಟ್ಟಿದ ಈ ತೈಲ ಹಡಗು ಹಲವು ಹೆಸರು ದಾಟಿ ಮಾಲ್ಟಾದ ಧ್ವಜದಡಿ ಬಂದಿತ್ತು. 1998ರಲ್ಲಿ ಕ್ಲಾಸ್ ಕೂಡ ಬದಲಾಗಿ ರಿನಾ ಕೈಸೇರಿತ್ತು. 1999ರ ಡಿಸೆಂಬರ್‌ನಲ್ಲಿ ಅದು ಫ್ರಾನ್ಸಿನ ಡಂಕರ್ಕ್‌ನಿಂದ ಸುಮಾರು 31,000 ಟನ್ ಗಟ್ಟಿ ಇಂಧನ ತೈಲ ತುಂಬಿಕೊಂಡು ಇಟಲಿಯ ಲಿವೋರ್ನೊಗೆ ಹೊರಟಿತು. ಕ್ಯಾಪ್ಟನ್ ಸೇರಿ ಹಡಗಿನಲ್ಲಿದ್ದ 26 ಮಂದಿಯೂ ಭಾರತೀಯರು. ಬಿರುಗಾಳಿಯಲ್ಲಿ ಹಡಗು ಒಂದು ಬದಿಗೆ ವಾಲಿತು, ಡೆಕ್‌ನಲ್ಲಿ ಬಿರುಕು ಕಂಡಿತು. ಕ್ಯಾಪ್ಟನ್ ಹತ್ತಿರದ ಬಂದರಿನತ್ತ ತಿರುಗಿಸಿದರೂ 12ರ ಬೆಳಿಗ್ಗೆ ಹಡಗು ನಡುವೆ ಮುರಿಯಿತು. ಹೆಲಿಕಾಪ್ಟರ್‌ಗಳು ಅಷ್ಟೂ ಜನರನ್ನು ಮೇಲೆತ್ತಿಕೊಂಡವು. ಹತ್ತೊಂಬತ್ತಿಪ್ಪತ್ತು ಸಾವಿರ ಟನ್ ತೈಲ ಮಾತ್ರ ಸಮುದ್ರ ಸೇರಿ, ಬ್ರಿಟನಿಯಿಂದ ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ತೀರ ಕಪ್ಪಾಯಿತು.

ಮುರಿದ ದಿನ ಅದರ ಪ್ರಮಾಣಪತ್ರಗಳು ಊರ್ಜಿತವಾಗಿದ್ದವು. ಹಿಂದಿನ ಎರಡು ಮೂರು ವರ್ಷಗಳಲ್ಲಿ ಬಂದರು ಅಧಿಕಾರಿಗಳು ಅದನ್ನು ಹಲವು ಬಾರಿ ಹತ್ತಿ ನೋಡಿದ್ದರು. ಕೇಡು ಇದ್ದದ್ದು ಅವರ ಕಣ್ಣು ತಲುಪದ ಕಡೆ, ಹಡಗಿನ ನಡುಭಾಗದ ಬ್ಯಾಲಸ್ಟ್ ಟ್ಯಾಂಕಿನೊಳಗೆ. ಸರಕಿಲ್ಲದಾಗ ಹಡಗನ್ನು ಸ್ಥಿರವಾಗಿಡಲು ಸಮುದ್ರದ ನೀರು ತುಂಬುವ ಟ್ಯಾಂಕು ಅದು. ಗಟ್ಟಿ ತೈಲ ಹರಿಯಬೇಕಾದರೆ ಬಿಸಿಯಾಗಿರಬೇಕು. ಪಕ್ಕದ ಟ್ಯಾಂಕಿನಲ್ಲಿ ಬಿಸಿ ತೈಲ, ಇಲ್ಲಿ ಉಪ್ಪುನೀರಿನ ಪಸೆ. ಉಕ್ಕು ತಿಂದುಹೋಗಲು ಇದಕ್ಕಿಂತ ಅನುಕೂಲದ ಜಾಗವಿಲ್ಲ. ಬಂದರಿನಲ್ಲಿ ಹಡಗು ನಿಲ್ಲುವ ಕೆಲವೇ ಗಂಟೆಗಳಲ್ಲಿ ಅಂಥ ಟ್ಯಾಂಕನ್ನು ಬರಿದುಮಾಡಿ, ಗಾಳಿ ಹಾಯಿಸಿ, ಅನಿಲ ಅಳೆದು, ಒಳಗಿಳಿದು ತಗಡಿನ ದಪ್ಪ ಅಳೆಯುವುದು ಆಗದ ಮಾತು. ಅದನ್ನು ಮಾಡಬೇಕಾದವರು ಕ್ಲಾಸ್‌ನವರು. 1999ರ ನವೆಂಬರ್‌ನಲ್ಲಿ ಇಟಲಿಯ ಅಗಸ್ಟಾದಲ್ಲಿ ನಡೆದ ವಾರ್ಷಿಕ ಸರ್ವೆಯಲ್ಲಿ ತುಕ್ಕು ಗಮನಕ್ಕೆ ಬಂದೂ ಇತ್ತು. ಹೆಚ್ಚಿನ ಪರಿಶೀಲನೆ ಮುಂದಕ್ಕೆ ಹೋಯಿತು, ಹಡಗಿಗೆ ಓಡಲು ಅನುಮತಿ ಉಳಿಯಿತು.

ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. 2012ರ ಸೆಪ್ಟೆಂಬರ್ 25ರಂದು ಫ್ರಾನ್ಸಿನ ಪರಮೋಚ್ಚ ನ್ಯಾಯಾಲಯ ಮಾಲೀಕ ಮತ್ತು ವ್ಯವಸ್ಥಾಪಕರ ಜೊತೆಗೆ, ಹಡಗನ್ನು ಬಾಡಿಗೆಗೆ ಪಡೆದಿದ್ದ ಟೋಟಲ್ ಕಂಪನಿಯನ್ನೂ ಪ್ರಮಾಣಪತ್ರ ಕೊಟ್ಟ ರಿನಾವನ್ನೂ ಹೊಣೆಯಾಗಿಸಿದ ತೀರ್ಪನ್ನು ಎತ್ತಿಹಿಡಿಯಿತು. ಧ್ವಜ ರಾಷ್ಟ್ರದ ಪರವಾಗಿ ಸಹಿ ಹಾಕಿದವರೂ ಉತ್ತರ ಕೊಡಬೇಕಾಗಬಹುದು ಎಂಬುದು ಹಡಗು ಲೋಕಕ್ಕೆ ಆಗ ಮನದಟ್ಟಾಯಿತು.

ತೀರ್ಪು ಬರುವ ಎಷ್ಟೋ ಮೊದಲೇ ನಿಯಮಗಳು ಬದಲಾಗಿದ್ದವು. ಒಂಟಿ ಕವಚದ ತೈಲ ಹಡಗುಗಳನ್ನು ಬೇಗ ಕೆಲಸದಿಂದ ತೆಗೆಯಲು ಗಡುವು ಬಿತ್ತು. ಹಡಗುಗಳ ತಪಾಸಣೆಯ ಇತಿಹಾಸವನ್ನು ಯಾರು ಬೇಕಾದರೂ ನೋಡಬಹುದಾದ ಇಕ್ವಾಸಿಸ್ ಎಂಬ ಮಾಹಿತಿಕೋಶ 2000ದಲ್ಲಿ ಶುರುವಾಯಿತು. ಯುರೋಪಿನ ಬಂದರು ಅಧಿಕಾರಿಗಳಿಗೆ 2001ರಲ್ಲಿ ಬಂದ ಹೊಸ ನಿರ್ದೇಶನ ಎರಿಕಾ ತೋರಿಸಿದ ಕುರುಡು ಜಾಗಕ್ಕೇ ಕೈ ಹಾಕಿತು: ತೈಲ ಹಡಗಿನ ವಿಸ್ತೃತ ತಪಾಸಣೆಯಲ್ಲಿ ಸರಕಿನ ಭಾಗದ ಒಂದು ಬ್ಯಾಲಸ್ಟ್ ಟ್ಯಾಂಕನ್ನಾದರೂ ಮುಚ್ಚಳ ತೆಗೆಸಿ ಮೇಲಿನಿಂದ ನೋಡಬೇಕು, ಶಂಕೆಗೆ ಸ್ಪಷ್ಟ ಕಾರಣ ಸಿಕ್ಕರೆ ಒಳಗೆ ಇಳಿಯಬೇಕು.