ರಾಣಿ ಕೈಗೆ ಬರುವ ಹೊತ್ತು

ಪ್ರೇಕ್ಷಕರೊಬ್ಬರು ಇಸ್ಪೀಟು ಕಟ್ಟನ್ನು ತಾವೇ ಕಲಸಿ ಕೊಡುತ್ತಾರೆ. ಜಾದೂಗಾರ ಎಲೆಗಳನ್ನು ಎರಡು ಕೈಗಳ ನಡುವೆ ಹರಡುತ್ತ ಮುಂದೆ ಚಾಚುತ್ತಾನೆ. ಅವರು ನಡುವಿನಿಂದ ಒಂದನ್ನು ಎಳೆದು, ಯಾರಿಗೂ ಕಾಣದಂತೆ ನೋಡಿಕೊಂಡು, ಮತ್ತೆ ಕಟ್ಟಿಗೆ ಸೇರಿಸಿ ತಾವೇ ಕಲಸುತ್ತಾರೆ. ಬೇಕಿದ್ದರೆ ಕಟ್ಟನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಜಾದೂಗಾರ ಅದನ್ನು ಮತ್ತೆ ಮುಟ್ಟುವುದಿಲ್ಲ. ಆದರೂ ಸ್ವಲ್ಪ ಹೊತ್ತಿನ ಮೇಲೆ ಹೇಳುತ್ತಾನೆ: ಆಟಿನ್ ರಾಣಿ.

ಇದರಲ್ಲಿ ಗುರುತು ಹಾಕಿದ ಎಲೆಗಳಿಲ್ಲ, ಸಹಾಯಕರಿಲ್ಲ. ಪ್ರೇಕ್ಷಕರು ಎಲೆ ಎಳೆಯುವ ಮೊದಲೇ ಅದು ರಾಣಿಯೆಂದು ಅವನಿಗೆ ಗೊತ್ತಿತ್ತು, ಅಷ್ಟೆ. ತನಗೆ ಬೇಕಾದ ಎಲೆಯನ್ನೇ ಎದುರಿನವರು ಸ್ವಇಚ್ಛೆಯಿಂದ ತೆಗೆದುಕೊಳ್ಳುವಂತೆ ಮಾಡುವ ಈ ವಿದ್ಯೆಗೆ ಜಾದೂ ವಲಯದಲ್ಲಿ ‘ಕ್ಲಾಸಿಕ್ ಫೋರ್ಸ್’ ಎಂಬ ಹೆಸರಿದೆ. ಇದು ಹೊಸದೇನಲ್ಲ. ಗಡಿಯಾರ ತಯಾರಕನಾಗಿದ್ದು ಪ್ಯಾರಿಸ್ಸಿನ ಹೆಸರಾಂತ ಜಾದೂಗಾರನಾದ ರೋಬೇರ್ ಹೂದಾಂ 1868ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೇ ಇದರ ವಿವರಣೆಯಿದೆ. ಗುಟ್ಟು ಪುಸ್ತಕದಲ್ಲಿ ಅಚ್ಚಾಗಿ ಒಂದೂವರೆ ಶತಮಾನ ಕಳೆದರೂ ವಿದ್ಯೆ ಮಾಸಿಲ್ಲ. ಓದಿದ ಮಾತ್ರಕ್ಕೆ ಇದು ಕೈಗೆ ಹತ್ತುವುದಿಲ್ಲ ಎಂಬುದೇ ಅದಕ್ಕೆ ಕಾರಣ.

ಕೈಯ ಕೆಲಸ ಹೀಗೆ ನಡೆಯುತ್ತದೆ. ಕಲಸಿದ ಕಟ್ಟನ್ನು ವಾಪಸು ಪಡೆಯುವಾಗ, ಅದರ ಅಂಚುಗಳನ್ನು ಸರಿಮಾಡುವ ನೆಪದಲ್ಲಿ ಜಾದೂಗಾರ ತಳದ ಎಲೆಯನ್ನು ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಾನೆ. ಅದೇ ಆಟಿನ್ ರಾಣಿ. ಬಳಿಕ ಕಟ್ಟಿನ ಕೆಳಗಿನ ಅರ್ಧವನ್ನು ತೆಗೆದು ಮೇಲೆ ಇಡುತ್ತಾನೆ. ಈಗ ರಾಣಿ ಕಟ್ಟಿನ ನಡುಮಧ್ಯಕ್ಕೆ, ಮೇಲಿನಿಂದ ಸುಮಾರು 26ನೆಯ ಜಾಗಕ್ಕೆ ಬಂತು. ಎರಡು ಅರ್ಧಗಳು ಸೇರುವ ಕಡೆ ಎಡಗೈ ಕಿರುಬೆರಳಿನ ತುದಿಯ ಮಾಂಸವನ್ನು ಕೂದಲೆಳೆಯಷ್ಟು ಒಳಗೆ ಸಿಕ್ಕಿಸಿಕೊಳ್ಳುತ್ತಾನೆ. ಮುಂದಿನಿಂದ ನೋಡುವವರಿಗೆ ಆ ಸಂದು ಕಾಣದು. ಇನ್ನು ಮುಂದೆ ರಾಣಿ ಎಲ್ಲಿದ್ದಾಳೆಂದು ತಿಳಿಯಲು ಕಣ್ಣು ಬೇಕಿಲ್ಲ, ಕಿರುಬೆರಳು ಸಾಕು.

ಆಮೇಲೆ ಎಡಗೈ ಹೆಬ್ಬೆರಳು ಎಲೆಗಳನ್ನು ಎರಡೆರಡು, ಮೂರುಮೂರಾಗಿ ಬಲಗೈಗೆ ತಳ್ಳುತ್ತ ಹೋಗುತ್ತದೆ. ಹೊಸಬರು ತಪ್ಪುವುದು ಇಲ್ಲಿಯೇ. ರಾಣಿಯನ್ನು ತುಸು ಮುಂದೆ ಚಾಚಿದರೆ ಎದುರಿನವರು ಅದನ್ನೇ ಹಿಡಿಯುತ್ತಾರೆ ಎಂದುಕೊಳ್ಳುತ್ತಾರೆ. ನಡೆಯುವುದು ತಿರುಗುಮುರುಗು: ಒಂದೇ ಎಲೆ ಎದ್ದು ಕಂಡರೆ ಜನ ಅದನ್ನು ಬಿಟ್ಟು ಪಕ್ಕದ್ದಕ್ಕೆ ಕೈ ಹಾಕುತ್ತಾರೆ. ಬಲ್ಲವನು ಎಲೆಯನ್ನಲ್ಲ, ಬರುತ್ತಿರುವ ಕೈಯನ್ನು ಗಮನಿಸುತ್ತಾನೆ. ಪ್ರೇಕ್ಷಕರ ಕೈ ದೂರದಲ್ಲಿದ್ದರೆ ಹೆಬ್ಬೆರಳು ನಿಧಾನವಾಗುತ್ತದೆ, ಆತುರದಿಂದ ಬಂದರೆ ಚುರುಕಾಗುತ್ತದೆ. ಬೆರಳುಗಳು ಎಲೆಗಳ ಸಾಲಿಗೆ ತಾಕುವ ಹೊತ್ತಿಗೆ ರಾಣಿ ಅಲ್ಲಿಗೆ ತಲುಪಿರಬೇಕು, ಅಕ್ಕಪಕ್ಕದ ಎಲೆಗಳಿಗಿಂತ ಕೊಂಚವೇ ಹೆಚ್ಚು ಬಿಚ್ಚಿಕೊಂಡಿರಬೇಕು. ದೇವಸ್ಥಾನದಲ್ಲಿ ಅಂಗೈ ಚಾಚುವುದಕ್ಕೂ ಅರ್ಚಕರು ಉದ್ಧರಣೆಯಿಂದ ತೀರ್ಥ ಬಿಡುವುದಕ್ಕೂ ಹೊಂದಿಕೆ ಬರುತ್ತದಲ್ಲ, ಯಾರು ಯಾರಿಗಾಗಿ ಕಾದರೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಬೇಕಾದದ್ದು ಆ ಹೊಂದಿಕೆಯೇ. ಬೆರಳುಗಳು ರಾಣಿಯನ್ನು ಹಿಡಿದ ಕೂಡಲೇ ಹರಡುವುದು ನಿಲ್ಲುತ್ತದೆ.

ಇಷ್ಟನ್ನು ಕೈ ಮಾಡಿದರೂ, ಪ್ರೇಕ್ಷಕರ ಕಣ್ಣು ಎಲೆಗಳ ಮೇಲೆಯೇ ನೆಟ್ಟಿದ್ದರೆ ಕೆಲಸ ಕೆಡುತ್ತದೆ. ಎಲೆಗಳನ್ನೇ ದಿಟ್ಟಿಸುವವರು ಹೋಲಿಸುತ್ತಾರೆ, ಹೋಲಿಸುವವರು ಆರಿಸುತ್ತಾರೆ. ಆದ್ದರಿಂದಲೇ ಗಮನವನ್ನು ಬೇರೆಡೆಗೆ ಸೆಳೆಯುವ ‘ಮಿಸ್‌ಡೈರೆಕ್ಷನ್’ ಈ ವಿದ್ಯೆಯಲ್ಲಿ ಕೈಚಳಕದಷ್ಟೇ ತೂಕದ್ದು. ಅದರ ಅತಿ ಸರಳ ಸಾಧನ ಜಾದೂಗಾರನ ಸ್ವಂತ ಕಣ್ಣು. ಅವನು ತನ್ನ ಕೈ ನೋಡಿಕೊಂಡರೆ ಎಲ್ಲರೂ ಅದನ್ನೇ ನೋಡುತ್ತಾರೆ. ತಲೆಯೆತ್ತಿ ಎದುರಿನವರ ಮುಖ ನೋಡಿ ಮಾತಾಡಿಸಿದರೆ ಅವರೂ ತಲೆಯೆತ್ತುತ್ತಾರೆ. “ನಿಮ್ಮ ಹೆಸರೇನಂದ್ರಿ?” ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಿರುವಾಗ ಕೈ ತಾನಾಗಿ ಮುಂದೆ ಬಂದು, ಸಿಕ್ಕಿದ್ದನ್ನು ಹಿಡಿಯುತ್ತದೆ.

ಮಾತಿನ ಧಾಟಿಯೂ ಹಾಗೆಯೇ. “ನಿಮಗೆ ಇಷ್ಟವಾದ ಯಾವುದೇ ಎಲೆ, ಯೋಚಿಸಿ ಆರಿಸಿ” ಎಂದರೆ ಎದುರಿನವರು ಎಚ್ಚರವಾಗುತ್ತಾರೆ, ಇಲ್ಲೇನೋ ಇದೆ ಎಂದುಕೊಳ್ಳುತ್ತಾರೆ. “ಒಂದು ತಗೊಳ್ಳಿ” ಎಂದು ಹಗುರವಾಗಿ ಅಂದರೆ ಅದು ಆಟ ಶುರುವಾಗುವ ಮುಂಚಿನ ಸಣ್ಣ ಸಿದ್ಧತೆಯೆನಿಸುತ್ತದೆ. ನಿಜದಲ್ಲಿ ಜಾದೂಗಾರನ ಕೆಲಸ ಅಲ್ಲಿಗೆ ಮುಗಿದಿರುತ್ತದೆ.

ಕಣ್ಣು ಬೇರೆ ಕಡೆ ತಿರುಗಿದರೆ ಸಾಕೇ? 2005ರಲ್ಲಿ ಮನೋವಿಜ್ಞಾನಿಗಳಾದ ಗುಸ್ತಾವ್ ಕುನ್ ಮತ್ತು ಬೆಂಜಮಿನ್ ಟಾಟ್ಲರ್, ಸಿಗರೇಟು ಮಾಯವಾಗುವ ಒಂದು ಜಾದೂವನ್ನು ನೋಡುವವರ ಕಣ್ಣಿನ ಚಲನೆಯನ್ನು ಉಪಕರಣದಿಂದ ದಾಖಲಿಸಿದರು. ಸಿಗರೇಟು ಎಲ್ಲರೆದುರೇ ಕೆಳಗೆ ಬೀಳುತ್ತಿತ್ತು. ಅದನ್ನು ಕಂಡವರಿಗೂ ಕಾಣದವರಿಗೂ ಆ ಕ್ಷಣದಲ್ಲಿ ಕಣ್ಣು ಎಲ್ಲಿತ್ತು ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ನೋಟ ಒಂದು ಕಡೆಯಿದ್ದು ಗಮನ ಇನ್ನೊಂದು ಕಡೆ ಇರಬಹುದು ಎಂದಾಯಿತು. ಫೋರ್ಸ್ ಮಾಡುವವನಿಗೂ ಗೆಲ್ಲಬೇಕಾದದ್ದು ಗಮನವನ್ನೇ.

ಎಲೆ ಕೈಸೇರಿದ ಮೇಲೆ ಮಿಸ್‌ಡೈರೆಕ್ಷನ್ನಿನ ಎರಡನೆಯ ಪಾಳಿ. ಸ್ಪೇನಿನ ಜಾದೂಗಾರ ಆರ್ತೂರೋ ದೆ ಅಸ್ಕಾನಿಯೋ, ಗುಟ್ಟಿನ ಕೆಲಸಕ್ಕೂ ಅದರ ಫಲಕ್ಕೂ ನಡುವೆ ಮರೆಯಲು ಬೇಕಾದಷ್ಟು ಹೊತ್ತು ಬಿಡಬೇಕೆಂದು ಕಲಿಸುತ್ತಿದ್ದ. ರಾಣಿಯನ್ನು ತೆಗೆದ ತಕ್ಷಣ ಅದರ ಹೆಸರು ಹೇಳಿಬಿಟ್ಟರೆ ಪ್ರೇಕ್ಷಕರು ಒಂದೇ ಹೆಜ್ಜೆ ಹಿಂದೆ ಹೋಗಿ, ಎಲೆ ತೆಗೆದ ಗಳಿಗೆಯನ್ನೇ ಶಂಕಿಸುತ್ತಾರೆ. ನಡುವೆ ಅವರಿಂದಲೇ ಕಲಸಿಸಿ, ಕಟ್ಟನ್ನು ಜೇಬಿಗೆ ಹಾಕಿಸಿ, ಎಲೆಯ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಲು ಹೇಳಿದರೆ ಅವರ ನೆನಪು ಆ ಕಲಸುವಿಕೆಯ ಸುತ್ತ ಕಟ್ಟಿಕೊಳ್ಳುತ್ತದೆ. ಮನೆಗೆ ಹೋಗಿ ಅವರು ಹೇಳುವುದು, “ಕಟ್ಟು ನನ್ನ ಹತ್ತಿರವೇ ಇತ್ತು, ಅವನು ಮುಟ್ಟಲೇ ಇಲ್ಲ” ಎಂದು. ಅದು ಅರ್ಧ ಮಾತ್ರ ನಿಜ.

ಫೋರ್ಸ್‌ಗಳಲ್ಲಿ ಬೇರೆ ಜಾತಿಗಳೂ ಇವೆ. ಜೇ ಓಲ್ಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲೆಗಳನ್ನು ಸರ್ರನೆ ಬಿಡುತ್ತ, ಒಂದನ್ನು ಮಾತ್ರ ತುಸು ಹೆಚ್ಚು ಹೊತ್ತು ಕಾಣಿಸಲಾಯಿತು. ನೂರಕ್ಕೆ 98 ಮಂದಿ ಅದೇ ಎಲೆಯನ್ನು ಆರಿಸಿದರು, ಬಹುತೇಕರು ತಮ್ಮ ಆಯ್ಕೆ ಮುಕ್ತವಾಗಿತ್ತೆಂದೇ ನಂಬಿದ್ದರು. ಕ್ಲಾಸಿಕ್ ಫೋರ್ಸ್ ಅದಕ್ಕಿಂತ ಕಷ್ಟದ್ದು, ಏಕೆಂದರೆ ಎದುರಿನವರು ನಿಜವಾಗಿಯೂ ಬೇರೆ ಎಲೆ ಎಳೆಯಬಹುದು.

ಎಳೆಯುತ್ತಾರೆ ಕೂಡ. ಅದರ ಮುನ್ಸೂಚನೆ ಕೈಯಲ್ಲೇ ಸಿಗುತ್ತದೆ: ಅರ್ಧಕ್ಕೆ ಬಂದ ಬೆರಳು ತಡೆದು ನಿಲ್ಲುತ್ತದೆ, ಅಥವಾ ಬೇಕೆಂದೇ ಸಾಲಿನ ಕೊನೆಗೆ ಸರಿಯುತ್ತದೆ. ಆಗ ಒತ್ತಾಯಿಸಬಾರದು, ರಾಣಿಯನ್ನು ಹಿಡಿದು ಅವರ ಬೆರಳಿನ ಬೆನ್ನು ಹತ್ತಲೂಬಾರದು. ಕಳಾವರ್ ಏಳನ್ನು ಎಳೆದರೆ ಎಳೆಯಲಿ. ಅದನ್ನು ನೋಡಿ ಕಟ್ಟಿಗೆ ವಾಪಸು ಇಡುವಾಗ ಕಿರುಬೆರಳಿನಿಂದ ಜಾಗ ಹಿಡಿದುಕೊಂಡು, ಆ ಎಲೆಯನ್ನು ಮೇಲಕ್ಕೆ ತಂದು ಬೇರೊಂದು ಆಟ ಮುಗಿಸಿದರಾಯಿತು. ಯಾವ ಆಟ ನಡೆಯಬೇಕಿತ್ತೆಂದು ನೋಡುವವರಿಗೆ ತಿಳಿದಿರುವುದಿಲ್ಲ. ಹಳೆಯ ಕೈಗಳು ಕಲಿಯುವವರಿಗೆ ಹೇಳುವುದೂ ಇದನ್ನೇ: ಫೋರ್ಸ್ ಅಗತ್ಯವೇ ಇಲ್ಲದ ಆಟಗಳಲ್ಲಿ, ಯಾವ ಎಲೆ ಬಂದರೂ ನಡೆಯುವ ಕಡೆ, ಪ್ರತಿ ಬಾರಿಯೂ ಒಂದು ಎಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಯತ್ನಿಸಿ. ಸೋತರೆ ನಷ್ಟವಿಲ್ಲದ ಆ ಆಟಗಳಲ್ಲಿ ಕೈಯ ಬಿಗಿ ಸಡಿಲುತ್ತದೆ, ಜನರ ಕೈ ಯಾವ ವೇಗದಲ್ಲಿ ಬರುತ್ತದೆಂಬ ಅಂದಾಜು ಹತ್ತುತ್ತದೆ. ಆತುರದಿಂದ ಕೈ ಚಾಚುವವರು ಯಾರು, ಕೈಕಟ್ಟಿ ಹಿಂದಕ್ಕೆ ಒರಗಿ ಸವಾಲು ಹಾಕುವವರು ಯಾರು ಎಂದು ಗುರುತಿಸಿ, ರಾಣಿಯನ್ನು ಯಾರ ಮುಂದೆ ಹಿಡಿಯಬೇಕೆಂದು ನಿರ್ಧರಿಸುವುದನ್ನೂ ಅಲ್ಲಿಯೇ ಕಲಿಯುತ್ತಾರೆ.