ಎಲ್ಲಿಂದ ಅಳೆದರೂ ಅಷ್ಟೇ ತಿರುವು

ಕಾರಿನ ಚಕ್ರದ ನಟ್ ಬಿಗಿಯಲು ಎರಡು ಬಗೆಯ ಸ್ಪ್ಯಾನರ್‌ಗಳಿವೆ. ಒಂದು, ಕಾರಿನ ಡಿಕ್ಕಿಯಲ್ಲಿ ಜಾಕ್ ಜೊತೆಗೇ ಬರುವ, ‘ಎಲ್’ ಆಕಾರಕ್ಕೆ ಬಾಗಿದ ಸರಳು. ಇನ್ನೊಂದು, ಪಂಕ್ಚರ್ ಅಂಗಡಿಗಳಲ್ಲಿ ಕಾಣುವ, ಕೂಡಿಸುವ ಚಿಹ್ನೆಯಂಥ ನಾಲ್ಕು ತೋಳಿನದು. ಪಂಕ್ಚರ್ ಹಾಕುವವರು ಮೊದಲನೆಯದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಾಲ್ಕು ತೋಳಿನದರ ಒಂದು ತುದಿಯನ್ನು ನಟ್‌ಗೆ ಸಿಕ್ಕಿಸಿ, ಅಡ್ಡ ತೋಳುಗಳನ್ನು ಎರಡೂ ಕೈಯಲ್ಲಿ ಹಿಡಿದು, ಎಡಗೈ ಮೇಲಕ್ಕೆತ್ತುತ್ತ ಬಲಗೈ ಕೆಳಕ್ಕೊತ್ತುತ್ತ ತಿರುಗಿಸುತ್ತಾರೆ. ಕೆಲಸ ಬೇಗ ಆಗುತ್ತದೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಎರಡು ಕೈಗಳು ಸಮವಾಗಿ, ಎದುರುಬದುರಾಗಿ ಒತ್ತಿದಾಗ ಹುಟ್ಟುವ ತಿರುವಿಗೆ, ಒಂಟಿ ಕೈಯ ಒತ್ತಡಕ್ಕಿಲ್ಲದ ಗುಣವೊಂದಿದೆ.

ಒಂಟಿ ಕೈಯಿಂದಲೇ ಶುರುಮಾಡೋಣ. ಎಷ್ಟೋ ಕಾರುಗಳ ಚಕ್ರದ ನಟ್ ಬಿಗಿಯಲು ಸುಮಾರು 100 ನ್ಯೂಟನ್-ಮೀಟರ್ ಟಾರ್ಕ್ ಬೇಕು. ಟಾರ್ಕ್ ಎಂದರೆ ತಿರುಗಿಸುವ ಸಾಮರ್ಥ್ಯ. ಬಲವನ್ನು, ತಿರುಗುಬಿಂದುವಿನಿಂದ ಆ ಬಲದ ಗೆರೆಗಿರುವ ಲಂಬ ದೂರದಿಂದ ಗುಣಿಸಿದರೆ ಅದು ಸಿಗುತ್ತದೆ. ಎಲ್ ಸ್ಪ್ಯಾನರಿನ ಹಿಡಿ 25 ಸೆಂಟಿಮೀಟರ್ ಉದ್ದವಿದ್ದರೆ ಅದರ ತುದಿಯನ್ನು 400 ನ್ಯೂಟನ್ ಬಲದಿಂದ, ಅಂದರೆ ಹೆಚ್ಚುಕಡಿಮೆ 40 ಕಿಲೋ ಭಾರ ಹೇರಿದ ಹಾಗೆ, ಒತ್ತಬೇಕು. ಕೈಸೋತವರು ಅದರ ಮೇಲೆ ಕಾಲಿಟ್ಟು ನಿಲ್ಲುವುದು ಇದಕ್ಕೇ.

ಆದರೆ ಈ 400 ನ್ಯೂಟನ್ ತಿರುಗಿಸಿ ಸುಮ್ಮನಾಗುವುದಿಲ್ಲ. ಅದು ನಟ್ಟನ್ನು ಅಷ್ಟೇ ಜೋರಾಗಿ ಕೆಳಕ್ಕೂ ನೂಕುತ್ತದೆ. ಸಾಲದ್ದಕ್ಕೆ ಸ್ಪ್ಯಾನರಿನ ಹಿಡಿ ಚಕ್ರಕ್ಕೆ ಅಂಟಿಕೊಂಡಿಲ್ಲ, ನಟ್‌ನಿಂದ ಹತ್ತು ಸೆಂಟಿಮೀಟರಿನಷ್ಟು ಹೊರಗೆ ಚಾಚಿಕೊಂಡಿದೆ. ಹಾಗಾಗಿ 400 ನ್ಯೂಟನ್ ಮತ್ತು 0.1 ಮೀಟರ್ ಸೇರಿ 40 ನ್ಯೂಟನ್-ಮೀಟರಿನ ಬೇರೊಂದು ಟಾರ್ಕ್ ಹುಟ್ಟುತ್ತದೆ. ಇದು ನಟ್ಟನ್ನು ಬಿಗಿಯುವುದಿಲ್ಲ, ಸ್ಪ್ಯಾನರನ್ನು ನಟ್‌ನ ಮೇಲಿಂದ ಓರೆಮಾಡಿ ಕೀಳಲು ನೋಡುತ್ತದೆ. ನಟ್‌ನ ಆರು ಮೂಲೆಗಳು ಸವೆದು ದುಂಡಗಾಗಿರುವುದು ಕಂಡರೆ, ಯಾರೋ ಹೀಗೆ ಓರೆಯಾದ ಸ್ಪ್ಯಾನರನ್ನು ಬಲವಂತವಾಗಿ ತಿರುಗಿಸಿರುವ ಸಾಧ್ಯತೆಯೇ ಹೆಚ್ಚು.

ಈಗ ನಾಲ್ಕು ತೋಳಿನದು. ಎರಡು ಕೈಗಳ ನಡುವೆ 40 ಸೆಂಟಿಮೀಟರ್ ಅಂತರವಿರಲಿ, ಒಂದೊಂದು ಕೈಯದೂ 250 ನ್ಯೂಟನ್ ಬಲವಿರಲಿ. ಸಮಾನವಾದ, ಎದುರು ದಿಕ್ಕಿನ, ಆದರೆ ಒಂದೇ ಗೆರೆಯ ಮೇಲಿಲ್ಲದ ಇಂಥ ಎರಡು ಬಲಗಳ ಜೋಡಿಯನ್ನು ಬಲಯುಗ್ಮ ಎನ್ನುತ್ತಾರೆ. ಇದನ್ನು ಸ್ಥಿತಿಶಾಸ್ತ್ರದ ಒಂದು ಮೂಲ ಘಟಕವಾಗಿ 1803ರಲ್ಲಿ ತನ್ನ ಪುಸ್ತಕದಲ್ಲಿ ನಿಲ್ಲಿಸಿದವನು ಫ್ರಾನ್ಸಿನ ಗಣಿತಜ್ಞ ಲೂಯಿ ಪ್ವಾಂಸೊ.

ನಟ್‌ನಿಂದ ಅಳೆಯೋಣ. ಪ್ರತಿ ಕೈಯೂ ಅಲ್ಲಿಂದ 0.2 ಮೀಟರ್ ದೂರ, ಪ್ರತಿಯೊಂದರ ಪಾಲು 50, ಒಟ್ಟು 100. ಅಳೆಯುವ ಬಿಂದುವನ್ನು ಎಡಗೈಗೇ ಸರಿಸಿದರೆ? ಎಡಗೈಯ ಬಲಕ್ಕೆ ಈಗ ದೂರವೇ ಇಲ್ಲ, ಅದರ ಪಾಲು ಸೊನ್ನೆ. ಬಲಗೈ ಪೂರಾ 0.4 ಮೀಟರ್ ದೂರದಲ್ಲಿದೆ, ಅದೊಂದೇ 100 ಕೊಡುತ್ತದೆ. ಇನ್ನೂ ದೂರ ಹೋಗಿ, ಎಡಗೈಯಿಂದ ಎಡಕ್ಕೆ ಒಂದು ಮೀಟರ್ ಆಚೆ, ಬರೀ ಗಾಳಿಯಲ್ಲಿ ಒಂದು ಬಿಂದು ಗುರುತಿಸಿ. ಬಲಗೈಯ ಪಾಲು 1.4 ಗುಣಿಸು 250, ಅಂದರೆ 350. ಎಡಗೈ ಅಲ್ಲಿಂದ ಒಂದು ಮೀಟರ್ ದೂರ, ಪಾಲು 250. ಆದರೆ ಈ ಬಿಂದುವಿನಿಂದ ನೋಡಿದಾಗ ಅದು ಉಲ್ಟಾ ದಿಕ್ಕಿಗೆ ತಿರುಗಿಸುತ್ತಿದೆ, ಹಾಗಾಗಿ ಕಳೆಯಬೇಕು. ಉಳಿದದ್ದು ಮತ್ತೆ 100.

ಇದರಲ್ಲಿ ಮಾಯವೇನಿಲ್ಲ. ಬಿಂದುವನ್ನು ಒಂದು ಮೀಟರ್ ಸರಿಸಿದಾಗ ಬಲಗೈಯ ಪಾಲು ಎಷ್ಟು ಹೆಚ್ಚಿತೋ ಎಡಗೈಯ ಪಾಲು ಅಷ್ಟೇ ತಗ್ಗಿತು, ಏಕೆಂದರೆ ಸರಿದ ದೂರ ಎರಡಕ್ಕೂ ಒಂದೇ, ಬಲಗಳೂ ಒಂದೇ, ದಿಕ್ಕು ಮಾತ್ರ ವಿರುದ್ಧ. ಬಿಂದು ಸರಿದಾಗ ಟಾರ್ಕ್ ಎಷ್ಟು ಬದಲಾಗುತ್ತದೆ ಎಂಬುದು ಸರಿದ ದೂರ ಮತ್ತು ಒಟ್ಟು ಬಲದ ಗುಣಲಬ್ಧ. ಬಲಯುಗ್ಮದ ಒಟ್ಟು ಬಲ ಸೊನ್ನೆ, ಬದಲಾವಣೆಯೂ ಸೊನ್ನೆ. ಉಳಿಯುವುದು ಒಂದು ಬಲ ಮತ್ತು ಅವೆರಡರ ನಡುವಿನ ಅಂತರ ಮಾತ್ರ. ಈ ಅಂತರ ಬಲಗಳದ್ದೇ ಹೊರತು ಅಳೆಯಲು ಕೂತವನದ್ದಲ್ಲ.

ಜೋಡಿ ಸಮವಾಗಿಲ್ಲದಿದ್ದರೆ ಈ ಗುಣ ಕೈತಪ್ಪುತ್ತದೆ. ಎಡಗೈ ಸೋತು 200 ನ್ಯೂಟನ್ ಮಾತ್ರ ಕೊಟ್ಟಿತೆನ್ನಿ. ನಟ್‌ನಿಂದ ಅಳೆದರೆ ಟಾರ್ಕ್ 90. ಎಡಗಡೆ ಗಾಳಿಯಲ್ಲಿ ಗುರುತಿಸಿದ ಆ ಬಿಂದುವಿನಿಂದ 150. ಬಲಗೈಯಿಂದ ಬಲಕ್ಕೆ ಒಂದು ಮೀಟರ್ ಆಚೆಯಿಂದ ಅಳೆದರೆ ಬರೀ 30. ಜೋಡಿಯಾಗದೆ ಉಳಿದ 50 ನ್ಯೂಟನ್ನಿನ ಕೆಲಸವಿದು.

ಇದೆಲ್ಲ ಕಾಗದದ ಮೇಲಿನ ಆಟವಲ್ಲ ಎಂಬುದು ಸ್ಪ್ಯಾನರಿನ ಓರೆಯಲ್ಲೇ ಗೊತ್ತಾಗುತ್ತದೆ. ನಾಲ್ಕು ತೋಳಿನದರಲ್ಲಿ ಕೈಗಳು ನಟ್‌ನಿಂದ 20 ಸೆಂಟಿಮೀಟರ್ ಹೊರಗಿರುತ್ತವೆ, ಎಲ್ ಸ್ಪ್ಯಾನರಿಗಿಂತ ಎರಡು ಪಟ್ಟು ದೂರ. ಆದರೂ ಕೀಳುವ ಟಾರ್ಕ್ ಇಲ್ಲ. ಒಂದು ಕೈ ಕೆಳಕ್ಕೆ ಓರೆಮಾಡಲು ಹೋದಷ್ಟನ್ನೂ ಇನ್ನೊಂದು ಮೇಲಕ್ಕೆ ಸರಿಮಾಡುತ್ತದೆ. ಬಲಯುಗ್ಮವನ್ನು ನಟ್‌ನ ಮಟ್ಟದಲ್ಲಿ ಕೊಟ್ಟರೂ ಒಂದು ಗೇಣು ಹೊರಗೆ ಕೊಟ್ಟರೂ ನಟ್‌ಗೆ ತಲುಪುವುದು ಅದೇ 100. ಎಡಗೈ ಸೋತಾಗ ಮಾತ್ರ ಉಳಿದ 50 ನ್ಯೂಟನ್ 10 ನ್ಯೂಟನ್-ಮೀಟರಿನಷ್ಟು ಓರೆ ಎಳೆಯುತ್ತದೆ. ಅನುಭವಿಗಳ ಎರಡು ಕೈಯೂ ಒಂದೇ ಲಯದಲ್ಲಿ ಓಡುವುದನ್ನು ಗಮನಿಸಿ ನೋಡಿ.

ನಟ್‌ಗಾದರೋ ತಿರುಗಲು ಗೊತ್ತಾದ ಅಕ್ಷವಿದೆ. ಯಾವುದಕ್ಕೂ ಸಿಕ್ಕಿಸದ ವಸ್ತುವಾದರೆ? ನಿಂತ ನೀರಿನಲ್ಲಿ ತೇಲುವ ಹಲಗೆಯೊಂದರ ಒಂದು ತುದಿಯಲ್ಲಿ ಮಾತ್ರ ಬಲಯುಗ್ಮ ಕೊಟ್ಟರೆ ಅದು ಆ ತುದಿಯ ಸುತ್ತ ತಿರುಗುತ್ತದೆ ಎಂದೇ ಬಹಳ ಜನ ಊಹಿಸುತ್ತಾರೆ. ನೀರಿನ ತಡೆಯನ್ನು ಬಿಟ್ಟು ನೋಡಿದರೆ ಅದು ತಿರುಗುವುದು ತನ್ನ ದ್ರವ್ಯರಾಶಿ ಕೇಂದ್ರದ ಸುತ್ತ. ಒಟ್ಟು ಬಲ ಸೊನ್ನೆಯಾದ್ದರಿಂದ ಆ ಕೇಂದ್ರ ಕದಲಲು ಕಾರಣವೇ ಇಲ್ಲ. ಆದರೆ ಹಲಗೆ ಗಟ್ಟಿಯಾಗಿರಬೇಕು, ಇದು ಮರೆಯಬಾರದ ಷರತ್ತು. ಅದು ಬಳುಕುವಂಥದ್ದಾದರೆ ಬಲಯುಗ್ಮ ಕೊಟ್ಟ ಜಾಗದಲ್ಲೇ ಡೊಂಕಾಗುತ್ತದೆ. ಒಟ್ಟಾರೆ ತಿರುವಿಗೆ ಜಾಗ ಲೆಕ್ಕಕ್ಕಿಲ್ಲ, ಒಳಗಿನ ಬಾಗು-ಹಿಂಡುಗಳಿಗೆ ಜಾಗವೇ ಮುಖ್ಯ.

ಬಾಹ್ಯಾಕಾಶ ನೌಕೆಗಳ ಎಂಜಿನಿಯರುಗಳು ಈ ಗುಣವನ್ನೇ ನೆಚ್ಚಿಕೊಂಡಿದ್ದಾರೆ. ನೌಕೆಯ ಮುಖ ತಿರುಗಿಸಲು ಒಳಗೆ ಮೋಟಾರಿನಿಂದ ಓಡುವ ಭಾರದ ಗಾಲಿಗಳಿರುತ್ತವೆ. ಮೋಟಾರು ಗಾಲಿಯನ್ನು ಒಂದು ಕಡೆಗೆ ತಿರುಚಿದರೆ ನೌಕೆ ಇನ್ನೊಂದು ಕಡೆಗೆ ತಿರುಗುತ್ತದೆ. ಇದು ಶುದ್ಧ ಬಲಯುಗ್ಮ, ಹಾಗಾಗಿ ಗಾಲಿಯನ್ನು ನೌಕೆಯ ನಟ್ಟನಡುವೆಯೇ ಕೂರಿಸಬೇಕೆಂದಿಲ್ಲ. ಅದರ ಅಕ್ಷದ ದಿಕ್ಕು ಸರಿಯಿದ್ದರೆ ಯಾವ ಮೂಲೆಯಲ್ಲಾದರೂ ಬಿಗಿಯಬಹುದು. ಒಂಟಿಯಾಗಿ ಉರಿಯುವ ಸಣ್ಣ ರಾಕೆಟ್ಟಿಗೆ ಈ ಸ್ವಾತಂತ್ರ್ಯವಿಲ್ಲ. ಅದು ಕೊಡುವ ಟಾರ್ಕ್, ದ್ರವ್ಯರಾಶಿ ಕೇಂದ್ರದಿಂದ ಅದೆಷ್ಟು ದೂರದಲ್ಲಿದೆ ಎಂಬುದರ ಮೇಲೆ ನಿಂತಿದೆ, ಇಂಧನ ಖರ್ಚಾದಂತೆ ಆ ಕೇಂದ್ರವೂ ಸರಿಯುತ್ತಿರುತ್ತದೆ.

2009ರಲ್ಲಿ ಹಾರಿದ ನಾಸಾದ ಕೆಪ್ಲರ್ ದೂರದರ್ಶಕದಲ್ಲಿ ಇಂಥ ನಾಲ್ಕು ಗಾಲಿಗಳಿದ್ದವು. ನಿಖರವಾಗಿ ಗುರಿ ಹಿಡಿಯಲು ಮೂರಾದರೂ ಬೇಕಿತ್ತು. 2012ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕೆಟ್ಟವು. ಆಗ ಕಾಡಿದ್ದು ಸೂರ್ಯನ ಬೆಳಕಿನ ಒತ್ತಡ. ಅತ್ಯಲ್ಪವಾದರೂ ಅದು ಜೋಡಿಯಿಲ್ಲದ ಬಲ, ಅದರ ಗೆರೆ ದ್ರವ್ಯರಾಶಿ ಕೇಂದ್ರದಿಂದ ತುಸು ಪಕ್ಕಕ್ಕೆ ಸರಿದರೂ ನೌಕೆ ಮೆಲ್ಲಗೆ ಹೊರಳುತ್ತದೆ. ಉಳಿದೆರಡು ಗಾಲಿಗಳ ಜೊತೆಗೆ, ಬೆಳಕಿನ ಒತ್ತಡ ಎರಡೂ ಪಕ್ಕಕ್ಕೆ ಸಮವಾಗಿ ಹಂಚಿಹೋಗುವಂತೆ ನೌಕೆಯನ್ನು ಸೂರ್ಯನತ್ತ ಅಣಿಗೊಳಿಸಿ 2014ರಲ್ಲಿ ವೀಕ್ಷಣೆಯನ್ನು ಹೊಸದಾಗಿ ಆರಂಭಿಸಿದರು. ಒಂದೇ ಕಡೆ ಬಹಳ ಕಾಲ ನೋಡುತ್ತಿದ್ದರೆ ಸೂರ್ಯನ ಬೆಳಕು ದೂರದರ್ಶಕದೊಳಗೆ ಬೀಳುತ್ತಿತ್ತು. ಹಾಗಾಗಿ ಸುಮಾರು 80 ದಿನಕ್ಕೊಮ್ಮೆ ಆಕಾಶದ ಬೇರೊಂದು ಭಾಗಕ್ಕೆ ಮುಖ ತಿರುಗಿಸುತ್ತ, 2018ರಲ್ಲಿ ಇಂಧನ ಮುಗಿಯುವವರೆಗೂ ಅದನ್ನು ನಡೆಸಿದರು.